ಮೂರನೇ ದಿನಕ್ಕೆ ಮೂವತ್ತಾರು ಜನ ಬೇಕು

(ಹೊರಮಾವು ಕಡೆಯ ಒಂದು ಬಡಾವಣೆಯ ಸಮುದಾಯ ಭವನದಲ್ಲಿ, ಮಳೆಗಾಲದ ಮುಂಚೆ ನಮ್ಮ ನೆರೆ ಪರಿಹಾರ ಗುಂಪಿಗೆ ಜನ ಸೇರಿಸಲು ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮನೆ ಬಿಟ್ಟು ಬಂದಿದ್ದೀರಿ. ಅದಕ್ಕೆ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಮಗೆ 36 ಜನ ಬೇಕು. ಆರಾರು ಜನರ ಆರು ತಂಡ. ಮೇ ತಿಂಗಳ ನಡುವಿನಿಂದ ನವೆಂಬರ್ ನಡುವಿನವರೆಗೆ, ಅಂದರೆ ಆರು ತಿಂಗಳು. ಈ ಆರು ತಿಂಗಳಲ್ಲಿ ನಿಮ್ಮಿಂದ ಕೇಳುತ್ತಿರುವುದು ಹೆಚ್ಚೆಂದರೆ 30 ಗಂಟೆ.

ಆ 30 ಗಂಟೆ ಹೀಗೆ ಹಂಚಿಹೋಗುತ್ತದೆ. ಮೇ ಮೊದಲ ಎರಡು ಭಾನುವಾರ ತರಬೇತಿ, ದಿನಕ್ಕೆ ಮೂರು ಗಂಟೆ. ಅಲ್ಲಿಗೆ ಆರು ಗಂಟೆ. ಆಮೇಲೆ ಎಲ್ಲಾದರೂ ಮನೆಗಳಿಗೆ ನೀರು ನುಗ್ಗಿದರೆ, ನೀರು ಇಳಿದ ಮೇಲಿನ ಹತ್ತು ದಿನದಲ್ಲಿ ನಿಮ್ಮ ಮೂರು ಪಾಳಿ. ಒಂದು ಪಾಳಿ ಅಂದರೆ ನಾಲ್ಕು ಗಂಟೆ, ಬೆಳಗ್ಗೆ ಏಳರಿಂದ ಹನ್ನೊಂದು ಅಥವಾ ಮಧ್ಯಾಹ್ನ ಎರಡರಿಂದ ಆರು. ಇಡೀ ಮಳೆಗಾಲದಲ್ಲಿ ಒಬ್ಬರನ್ನು ಎರಡು ಸಲಕ್ಕಿಂತ ಜಾಸ್ತಿ ಕರೆಯುವುದಿಲ್ಲ. ಎರಡು ಸಲಕ್ಕೆ 24 ಗಂಟೆ, ತರಬೇತಿಯದು ಆರು. ಮೂರನೇ ಸಲ ನೀರು ಬಂದರೆ ಕೇಳುತ್ತೇವೆ. ಆಗಲ್ಲ ಅಂದರೆ ಯಾಕೆ ಅಂತ ಕೇಳುವುದಿಲ್ಲ.

ಈಗ ಕೆಲಸದ ಮಾತು. ದೋಣಿ, ಹಗ್ಗ, ಲೈಫ್ ಜಾಕೆಟ್ ಇವೆಲ್ಲ ನಿಮ್ಮ ಕಣ್ಣ ಮುಂದೆ ಬಂದಿರಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ನೋಡಿದ್ದೀರಿ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಆ ಕೆಲಸ ನಾವು ಮಾಡುವುದಿಲ್ಲ. ಅದಕ್ಕೆ ಅಗ್ನಿಶಾಮಕ ದಳ, ವಿಪತ್ತು ಸ್ಪಂದನಾ ಪಡೆ ಇವೆ. ಹರಿಯುವ ನೀರಿಗೆ ನಮ್ಮವರು ಕಾಲಿಡುವಂತಿಲ್ಲ. ಮೊಣಕಾಲಿನ ಮಟ್ಟದ ನೀರಾದರೂ, ಅದು ಹರಿಯುತ್ತಿದ್ದರೆ ಕೆಳಗೆ ತೆರೆದ ಚರಂಡಿ ಎಲ್ಲಿದೆ ಅಂತ ಕಾಣುವುದಿಲ್ಲ. ಸಾಮಾನ್ಯವಾಗಿ ನಮ್ಮ ಕೆಲಸ ಶುರುವಾಗುವುದು ಮೂರನೇ ದಿನ.

ಮೂರನೇ ದಿನವೇ ಯಾಕೆ ಅಂತ ಹೇಳುತ್ತೇನೆ. ಒಂದು ಸಲ ರಾಜಕಾಲುವೆ ಪಕ್ಕದ ಬೀದಿಯೊಂದಕ್ಕೆ ಹೋಗಿದ್ದೆವು. ಸುಮಾರು ಅರವತ್ತು ಮನೆ. ನೀರು ನುಗ್ಗಿದ ದಿನ ಅಲ್ಲಿಗೆ ನಾನೂರಕ್ಕೂ ಹೆಚ್ಚು ಊಟದ ಪೊಟ್ಟಣ ಬಂದಿದ್ದವು. ಪುಳಿಯೋಗರೆ, ಪಲಾವ್, ಬಿಸ್ಕತ್ತು, ನೀರಿನ ಬಾಟಲಿ. ಒಳ್ಳೆಯ ಮನಸ್ಸಿನವರೇ ತಂದಿದ್ದರು. ಎರಡನೇ ದಿನವೂ ಬಂತು. ಮೂರನೇ ದಿನ ಬಿಸಿಲು ಬಿತ್ತು, ನೀರು ಇಳಿದಿತ್ತು. ಬೀದಿಯಲ್ಲಿ ಹೊರಗಿನವರು ಅಂತ ಇದ್ದದ್ದು ನಾವು ನಾಲ್ಕೇ ಜನ. ಪ್ರತಿ ಮನೆಯೊಳಗೂ ಕೆಸರು. ಸಂಪಿನಲ್ಲಿ ಮೋರಿ ನೀರು. ಆವತ್ತು ನಾವು ನಾಲ್ವರು ಸೇರಿ ಒಂದೂವರೆ ಮನೆ ತೊಳೆದೆವು. ಉಳಿದವರು ತಾವೇ ಮಾಡಿಕೊಂಡರು. ಆಗದವರು ಹಾಗೇ ಬಿಟ್ಟರು. ಹಾಗೇ ಬಿಟ್ಟ ಮನೆಗಳಲ್ಲಿ ಹೆಚ್ಚಿನವು ವಯಸ್ಸಾದವರದ್ದು, ಒಬ್ಬಂಟಿ ಹೆಂಗಸರದ್ದು, ರಜೆ ಸಿಗದ ಕೂಲಿಯವರದ್ದು.

ಕೆಸರಿಗೆ ಒಂದು ಗುಣ ಇದೆ. ಒದ್ದೆ ಇದ್ದಾಗ ಸಲಿಕೆಯಲ್ಲಿ ಎತ್ತಬಹುದು, ವೈಪರಿನಲ್ಲಿ ತಳ್ಳಬಹುದು. ಬೆಂಗಳೂರಿನ ಬಿಸಿಲಿಗೆ ಎರಡು ದಿನ ಒಣಗಿತೋ, ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಕೆರೆದು ತೆಗೆಯಬೇಕು. ನಾಲ್ಕು ಗಂಟೆಯ ಕೆಲಸ ಎರಡು ದಿನದ ಕೆಲಸವಾಗುತ್ತದೆ. ಒಣಗಿದ ಧೂಳು ಉಸಿರಿಗೂ ಹೋಗುತ್ತದೆ. ಅದಕ್ಕೇ ಮೂರನೇ ದಿನಕ್ಕೆ ಜನ ಬೇಕು ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ಮನೆಯ ಕಥೆಯನ್ನು ಪೂರ್ತಿ ಹೇಳುತ್ತೇನೆ. ಕೇಳಿದ ಮೇಲೆ ನಿಮಗೆ ಈ ಕೆಲಸ ಆಗುತ್ತದಾ ಇಲ್ಲವಾ ಅಂತ ನೀವೇ ನಿರ್ಧರಿಸಬಹುದು.

ಅದು ಅದೇ ಬೀದಿಯ ಒಬ್ಬ ಅಜ್ಜಿಯ ಮನೆ. ನೆಲಮಹಡಿ. ಮನೆ ಕಟ್ಟಿದಾಗ ಬಾಗಿಲು ರಸ್ತೆಗಿಂತ ಎತ್ತರದಲ್ಲಿತ್ತಂತೆ. ಹಳೆಯ ಡಾಂಬರು ತೆಗೆಯದೆ ಅದರ ಮೇಲೇ ಮತ್ತೆ ಮತ್ತೆ ಡಾಂಬರು ಹಾಕಿ ರಸ್ತೆ ಏರಿತು. ಈಗ ಮೂರು ಮೆಟ್ಟಿಲು ಇಳಿದು ಮನೆಯೊಳಗೆ ಹೋಗಬೇಕು. ನಮ್ಮ ಊರಿನ ಹಳೆ ಬಡಾವಣೆಗಳಲ್ಲಿ ಇಂಥ ಮನೆಗಳು ಎಷ್ಟಿಲ್ಲ! ರಸ್ತೆಯ ನೀರು ಮೊದಲು ಇಳಿಯುವುದು ಅಲ್ಲಿಗೇ, ಕೊನೆಗೆ ಹೋಗುವುದೂ ಅಲ್ಲಿಂದಲೇ. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಎರಡೂವರೆ ಅಡಿ ನೀರು ಒಂದು ರಾತ್ರಿ ಪೂರ್ತಿ ನಿಂತಿತ್ತು.

ತಂಡ ಬಾಗಿಲಿಗೆ ಬಂದ ತಕ್ಷಣ ಒಳಗೆ ಹೋಗುವುದಿಲ್ಲ. ಮೊದಲ ಪ್ರಶ್ನೆ ಕರೆಂಟಿನದು. ಬೆಸ್ಕಾಂನವರು ಬೀದಿಯ ಕರೆಂಟು ತೆಗೆದಿರುತ್ತಾರೆ. ಅದನ್ನು ನೋಡಿ ಮನೆಯವರು ಕರೆಂಟಿಲ್ಲ, ಬನ್ನಿ ಅನ್ನುತ್ತಾರೆ. ಆದರೆ ಬೆಂಗಳೂರಿನ ಎಷ್ಟೋ ಮನೆಯಲ್ಲಿ ಇನ್ವರ್ಟರ್ ಇದೆ. ಹೊರಗಿನ ಕರೆಂಟು ಹೋದ ಕೂಡಲೇ ಅದು ತಾನಾಗಿ ಶುರುವಾಗುತ್ತದೆ. ಸ್ವಿಚ್‌ಬೋರ್ಡ್ ಒದ್ದೆ, ಗೋಡೆ ಒದ್ದೆ, ತಂತಿಯಲ್ಲಿ ಇನ್ವರ್ಟರಿನ ಕರೆಂಟು. ಅದೂ ಅದೇ 230 ವೋಲ್ಟ್. ಅಜ್ಜಿಯ ಮನೆಯಲ್ಲಿ ಬೀರುವಿನ ಮೇಲೆ ಇನ್ವರ್ಟರ್ ಇತ್ತು. ಎತ್ತರದಲ್ಲಿದ್ದ ಕಾರಣ ಅದಕ್ಕೆ ಏನೂ ಆಗಿರಲಿಲ್ಲ, ಚಾಲೂ ಇತ್ತು. ನಮ್ಮ ಜೊತೆ ಬಂದ ಎಲೆಕ್ಟ್ರಿಷಿಯನ್ ಅದನ್ನು ಕಂಡುಹಿಡಿದರು.

2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಕಡೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ತೀರಿಕೊಂಡರು. ಅದರಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗ. ನಮ್ಮ ನಿಯಮ ಅವರನ್ನು ನೆನೆದೇ ಮಾಡಿದ್ದು. ಎಲೆಕ್ಟ್ರಿಷಿಯನ್ ನೋಡಿ ಮೇನ್ ಮತ್ತು ಇನ್ವರ್ಟರ್ ಎರಡೂ ಬಂದ್ ಆಗಿದೆ ಅನ್ನುವವರೆಗೆ ಹೊಸ್ತಿಲು ದಾಟುವಂತಿಲ್ಲ. ಒದ್ದೆ ನೆಲದಲ್ಲಿ ನಿಂತು ನೀವೇ ಮೇನ್ ಆಫ್ ಮಾಡಲು ಹೋಗುವಂತಿಲ್ಲ. ನೀರಿನಲ್ಲಿ ನಿಂತು ಕರೆಂಟಿನ ಪಂಪು ಹಿಡಿಯುವಂತಿಲ್ಲ. ಡೀಸೆಲ್ ಪಂಪಾದರೆ ಅದು ರಸ್ತೆಯಲ್ಲೇ ಇರಬೇಕು. ಒಳಗಿಟ್ಟರೆ ಅದರ ಹೊಗೆ ಜನರನ್ನು ಕೊಲ್ಲುತ್ತದೆ. ಈ ಕಾರಣಕ್ಕೆ ಪಾಳಿಯ ಮೊದಲ ಅರ್ಧ ಗಂಟೆ ಸುಮ್ನೆ ಹೊರಗೆ ನಿಲ್ಲಬೇಕಾಗಬಹುದು. ಕೆಲಸ ಮಾಡುವ ಹುಮ್ಮಸ್ಸಿನಲ್ಲಿ ಬಂದವರಿಗೆ ಅದು ಕಷ್ಟ. ದಯವಿಟ್ಟು ನಿಲ್ಲಿ.

ಎರಡನೇ ಕೆಲಸ ಫೋಟೊ. ಒಂದೇ ಒಂದು ವಸ್ತು ಎತ್ತುವ ಮುಂಚೆ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣುತ್ತದೆ, ಅದರ ಪಕ್ಕ ಅಳತೆ ಟೇಪು ಹಿಡಿದು ಒಂದು ಫೋಟೊ. ಪ್ರತಿ ಕೋಣೆಗೂ ಬಾಗಿಲಲ್ಲಿ ನಿಂತು ಒಂದು. ಫ್ರಿಜ್ಜು, ಹಾಸಿಗೆ, ಅಕ್ಕಿ ಮೂಟೆ, ಹೊಲಿಗೆ ಯಂತ್ರ, ಹಾಳಾದದ್ದು ಒಂದೊಂದಕ್ಕೂ ಒಂದು. ಪರಿಹಾರಕ್ಕೆ ಸಮೀಕ್ಷೆ ಮಾಡುವವರು ಬರುವಾಗ ಮನೆ ತೊಳೆದು ಒಣಗಿರುತ್ತದೆ. ಏನು ನೀರು ಬಂದಿದೆ ಅಂತ ತೋರಿಸಿ ಅಂದರೆ ಅಜ್ಜಿ ಏನು ತೋರಿಸಬೇಕು? ಈ ಫೋಟೊಗಳನ್ನು ಮನೆಯವರ ಫೋನಿನಲ್ಲೇ ತೆಗೆಯುತ್ತೇವೆ. ಅವರಿಗೆ ಫೋನಿಲ್ಲದಿದ್ದರೆ ಅವರು ಹೇಳಿದ ಮಗನಿಗೋ ಮಗಳಿಗೋ ಕಳಿಸಿ ನಮ್ಮ ಫೋನಿನಿಂದ ಅಳಿಸುತ್ತೇವೆ. ಇನ್ನೊಬ್ಬರ ಮನೆಯ ಕೆಸರಿನ ಮುಂದೆ ನಿಂತು ತಮ್ಮ ಫೋಟೊ ತೆಗೆದುಕೊಳ್ಳುವುದು ನಮ್ಮಲ್ಲಿ ಇಲ್ಲ. ಅದೊಂದನ್ನು ನಾನು ಸಹಿಸುವುದಿಲ್ಲ.

ಆಮೇಲೆ ಕೆಸರು. ಅಜ್ಜಿಯ ಹಾಲ್ ಹತ್ತಡಿಗೆ ಹದಿನೈದಡಿ. ಎರಡಿಂಚು ಕೆಸರು ಕೂತಿತ್ತು. ನೋಡಲು ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ. ಅದು 25 ಘನ ಅಡಿ, ತೂಕ ಹೆಚ್ಚುಕಡಿಮೆ ಒಂದು ಟನ್. ಒಂದು ಬಾಂಡ್ಲಿಗೆ ಇಪ್ಪತ್ತು ಕೆಜಿ ಹಿಡಿದರೆ ಐವತ್ತು ಬಾಂಡ್ಲಿ. ಐವತ್ತನ್ನೂ ಮೂರು ಮೆಟ್ಟಿಲು ಹತ್ತಿಸಿ ಹೊರಗೆ ಒಯ್ಯಬೇಕು. ಅದಕ್ಕೇ ತಂಡಕ್ಕೆ ಆರು ಜನ. ಇಬ್ಬರು ಸಲಿಕೆ ಹಿಡಿಯುತ್ತಾರೆ, ಇಬ್ಬರು ಬಾಂಡ್ಲಿ ಸಾಗಿಸುತ್ತಾರೆ, ಒಬ್ಬರು ತೊಳೆಯಲು, ಒಬ್ಬರು ಮನೆಯವರ ಜೊತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಮೊದಲ ಅರ್ಧ ಗಂಟೆಯಲ್ಲೇ ಶಕ್ತಿ ಎಲ್ಲ ಹಾಕಿ ಆಮೇಲೆ ಸೊಂಟ ಹಿಡಿದು ಕೂತವರನ್ನು ತುಂಬ ನೋಡಿದ್ದೇನೆ. ಬಾಂಡ್ಲಿ ಮುಕ್ಕಾಲು ತುಂಬಿದರೆ ಸಾಕು.

ಕೆಸರನ್ನು ಎಲ್ಲಿ ಹಾಕಬೇಕು ಅನ್ನುವುದು ಅದಕ್ಕಿಂತ ಮುಖ್ಯ. ಮನೆ ಮುಂದಿನ ಮೋರಿಗೆ ತಳ್ಳುವುದು ಸುಲಭ. ನಾವೂ ಮೊದಲ ವರ್ಷ ಅದನ್ನೇ ಮಾಡಿದ್ದೆವು. ನಾಲ್ಕು ದಿನಕ್ಕೆ ಇನ್ನೊಂದು ಮಳೆ ಬಂತು, ಮೋರಿ ಕಟ್ಟಿಕೊಂಡಿತ್ತು, ತೊಳೆದಿಟ್ಟ ಮನೆಗೇ ನೀರು ವಾಪಸ್ ಬಂತು. ಈಗ ರಸ್ತೆಯ ಎತ್ತರದ ಬದಿಯಲ್ಲಿ, ಮೋರಿ ಬಾಯಿಂದ ದೂರ ಗುಡ್ಡೆ ಹಾಕುತ್ತೇವೆ. ಹಾಳಾದ ಹಾಸಿಗೆ, ಮರದ ಸಾಮಾನು ಬೇರೆ ಗುಡ್ಡೆ. ಎರಡಕ್ಕೂ ಪಾಲಿಕೆಯ 1533ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳುತ್ತೇವೆ. ಟ್ರ್ಯಾಕ್ಟರ್ ಬರುವವರೆಗೆ ದಿನಾ ಒಬ್ಬರು ಫೋನ್ ಮಾಡುತ್ತಲೇ ಇರಬೇಕು. ಅದು ಮನೆಯಿಂದ ಮಾಡುವ ಕೆಲಸ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮನೆಯವರ ಜೊತೆ ಒಬ್ಬರು ಅಂದೆನಲ್ಲ, ಅವರ ಕೆಲಸ ಎಲ್ಲಕ್ಕಿಂತ ನಾಜೂಕು. ಯಾವುದನ್ನು ಎಸೆಯಬೇಕು ಅಂತ ಅಜ್ಜಿಯನ್ನು ಕೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆ ಎಸೆಯಬೇಕು. ನೀರು ಕುಡಿದ ಹತ್ತಿ ಹಾಸಿಗೆ ಉಳಿಯುವುದಿಲ್ಲ. ನೆನೆದ ಅಕ್ಕಿ ಬೇಳೆ, ಮಾತ್ರೆ, ಔಷಧಿ ಎಸೆಯಲೇಬೇಕು. ಸ್ಟೀಲ್ ಪಾತ್ರೆ ತೊಳೆದರೆ ಆಯಿತು. ಅಜ್ಜಿ ಒಂದು ಡಬ್ಬಿಯ ರಾಗಿಯನ್ನು ಬಿಡಲು ಒಪ್ಪಲಿಲ್ಲ. ಒಣಗಿಸಿದರೆ ಆಗುತ್ತದೆ ಕಣಮ್ಮ ಅಂದರು. ಮೋರಿ ನೀರು ಅಜ್ಜಿ, ತಿಂದರೆ ಆಸ್ಪತ್ರೆ ಸೇರುತ್ತೀರಿ ಅಂತ ನಮ್ಮ ಹುಡುಗಿ ಹತ್ತು ನಿಮಿಷ ಪಕ್ಕದಲ್ಲಿ ಕೂತು ಹೇಳಿದಳು. ಕೊನೆಗೆ ಅವರೇ ಎತ್ತಿಕೊಟ್ಟರು. ಕೈಯಿಂದ ಕಿತ್ತುಕೊಳ್ಳುವ ತಂಡ ಆ ಹತ್ತು ನಿಮಿಷ ಉಳಿಸಬಹುದು. ನಾವು ಅಂಥ ತಂಡ ಆಗುವುದು ಬೇಡ.

ಕಾಗದ ಪತ್ರ ಸಿಕ್ಕರೆ ಕೂಡಲೇ ಬಿಡಿಸಬೇಡಿ. ಒದ್ದೆ ಹಾಳೆ ಹರಿಯುತ್ತದೆ. ಕಟ್ಟನ್ನು ಹಾಗೇ ಒಳ್ಳೆಯ ನೀರಿನಲ್ಲಿ ಒಮ್ಮೆ ಅದ್ದಿ ಕೆಸರು ಹೋಗಿಸಿ, ಹಳೆ ಪೇಪರಿನ ಮೇಲೆ ನೆರಳಿನಲ್ಲಿ ಇಡಿ. ನೀರು ಇಳಿದಂತೆ ಒಂದೊಂದೇ ಹಾಳೆ ಬಿಡಿಸಿ ನಡುವೆ ಪೇಪರ್ ಇಡುತ್ತಾ ಹೋಗಿ. ಬಿಸಿಲಿಗೆ ಹಾಕಿದರೆ ಸುರುಟಿಕೊಂಡು ಅಂಟಿಕೊಳ್ಳುತ್ತದೆ. ಆಧಾರ್, ಅಂಕಪಟ್ಟಿಯಂಥವು ಇನ್ನೊಂದು ಪ್ರತಿ ಸಿಗುತ್ತವೆ. ಅಜ್ಜಿಗೆ ಬೇಕಾಗಿದ್ದದ್ದು ಗಂಡನ ಒಂದು ಫೋಟೊ. ಅದು ಉಳಿಯಿತು, ಒಂದು ಮೂಲೆ ಬಣ್ಣ ಬಿಟ್ಟಿದೆ.

ನಾಲ್ಕು ಗಂಟೆಗೆ ಹಾಲ್ ಮತ್ತು ಅಡುಗೆಮನೆ ಮುಗಿಯಿತು. ಕೋಣೆಯನ್ನು ಪಕ್ಕದ ಮನೆಯ ಹುಡುಗರು ಮಾಡಿದರು. ಅಲ್ಲಿಗೆ ಒಂದು ಪಾಳಿ.

ಇನ್ನು ಸಂಪು. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜನ ಕಾಯಿಲೆ ಬೀಳುವುದು ಇಲ್ಲಿ. ಮನೆ ತೊಳೆದದ್ದು ಕಣ್ಣಿಗೆ ಕಾಣುತ್ತದೆ. ಸಂಪು ನೆಲದ ಕೆಳಗೆ ಮುಚ್ಚಳ ಹಾಕಿಕೊಂಡು ಕೂತಿರುತ್ತದೆ. ಕೆಸರು ತಳಕ್ಕೆ ಕೂತು ಮೇಲೆ ನೀರು ತಿಳಿಯಾಗಿ ಕಂಡರೆ ಪರವಾಗಿಲ್ಲ ಅಂತ ಬಳಸಿಬಿಡುತ್ತಾರೆ. ಬೇರೆ ನೀರು ಸಿಗದೆಯೂ ಬಳಸುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿ ನಗರಕ್ಕೆ ಕಾವೇರಿ ನೀರು ನಿಂತುಹೋಗಿತ್ತು. ಊರು ತುಂಬ ನೀರು, ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಅಂಥ ಹೊತ್ತಿನಲ್ಲಿ ಸಂಪಿನದ್ದೇ ಗತಿ.

ಮೊದಲನೆಯದು, ಸಂಪಿನೊಳಗೆ ನಮ್ಮವರು ಯಾರೂ ಇಳಿಯುವುದಿಲ್ಲ. ಖಾಲಿ ಇದ್ದರೂ ಇಲ್ಲ, ಎರಡು ನಿಮಿಷಕ್ಕೂ ಇಲ್ಲ. ಕೊಳೆ ಕೂತ ಮುಚ್ಚಿದ ಗುಂಡಿಯಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವರು ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಕೆಸರು ದಪ್ಪ ಇದ್ದರೆ ಸಲಕರಣೆ ಇರುವ ಟ್ಯಾಂಕ್ ಕ್ಲೀನಿಂಗ್‌ನವರನ್ನು ಕರೆಸುತ್ತೇವೆ, ದುಡ್ಡು ಗುಂಪಿನಿಂದ. ಶೌಚದ ಪಿಟ್ಟಿನ ಹತ್ತಿರವೂ ಹೋಗುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಅದಕ್ಕೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ.

ಅಜ್ಜಿಯ ಸಂಪು ಆರಡಿ ಉದ್ದ, ಆರಡಿ ಅಗಲ, ಐದಡಿ ಆಳ. ಸುಮಾರು 5,000 ಲೀಟರ್. ಕೊಳೆ ನೀರನ್ನು ರಸ್ತೆಯಲ್ಲಿಟ್ಟ ಪಂಪಿನಿಂದ ತೆಗೆದೆವು. ಮೇಲಿನಿಂದಲೇ ಉದ್ದ ಹಿಡಿಯ ಬ್ರಷ್ಷಿನಿಂದ ಗೋಡೆ ಉಜ್ಜಿ, ಪೈಪಿನಿಂದ ನೀರು ಹೊಡೆದು, ಮತ್ತೆ ಪಂಪು ಮಾಡಿದೆವು. ಎರಡು ಸಲ. ಆಮೇಲೆ ಒಂದಡಿ ಎತ್ತರ ಒಳ್ಳೆಯ ನೀರು ಬಿಟ್ಟೆವು. ಈ ಅಳತೆಯ ಸಂಪಿನಲ್ಲಿ ಒಂದಡಿ ಅಂದರೆ 1,000 ಲೀಟರ್. ಅದಕ್ಕೆ 170 ಗ್ರಾಂ ಬ್ಲೀಚಿಂಗ್ ಪೌಡರ್. ಪೌಡರಿನಲ್ಲಿ ಕ್ಲೋರಿನ್ ಇರುವುದು ಸುಮಾರು ನೂರಕ್ಕೆ ಮೂವತ್ತು ಪಾಲು. ಹಾಗಾಗಿ ಇಷ್ಟು ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ಮೋರಿ ನೀರು ಹೊಕ್ಕ ಸಂಪಿನ ರೋಗಾಣು ಸಾಯಲು ಅಷ್ಟು ಬೇಕು. ಪೌಡರನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಹಾಕಬೇಕು. ಆ ನೀರಿನಿಂದಲೇ ಗೋಡೆಗಳನ್ನು ಮೇಲಿಂದ ತೋಯಿಸಬೇಕು.

ಪೌಡರ್ ಹಳೆಯದಾದರೆ ಸತ್ವ ಇರುವುದಿಲ್ಲ. ಚೀಲ ಬಿಚ್ಚಿದಾಗ ಮೂಗಿಗೆ ಘಾಟು ಹೊಡೆಯಬೇಕು. ಗಂಟು ಕಟ್ಟಿದ, ವಾಸನೆ ಬಾರದ ಪೌಡರನ್ನು ಯಾರು ದಾನ ಕೊಟ್ಟರೂ ತರಬೇಡಿ. ಇನ್ನೊಂದು ಎಚ್ಚರಿಕೆ. ಬಾತ್‌ರೂಮ್ ತೊಳೆಯಲು ಇಟ್ಟ ಆ್ಯಸಿಡ್ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಬ್ಲೀಚಿಂಗ್ ಪೌಡರಿಗೆ ಅದು ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಒಳಗೆ ಹೋದ ಕೂಡಲೇ ಆ ಬಾಟಲಿಯನ್ನು ಎತ್ತಿ ಹೊರಗೆ ದೂರ ಇಡುವುದು ತೊಳೆಯುವವರ ಮೊದಲ ಕೆಲಸ.

ಈಗ ನಮ್ಮ ಒಂದು ತಪ್ಪು ಹೇಳುತ್ತೇನೆ. ಮೊದಲ ಬಾರಿ ಒಂದು ಮನೆಯ ಸಂಪನ್ನು ಚೆನ್ನಾಗಿ ತೊಳೆದು ಬಂದೆವು. ಮೂರು ದಿನಕ್ಕೆ ಆ ಮನೆಯ ಇಬ್ಬರು ಮಕ್ಕಳಿಗೆ ವಾಂತಿ ಭೇದಿ. ನೀರು ನುಗ್ಗಿದ ಮಾರನೇ ದಿನ ಮನೆಯವರು ತಿಳಿಯದೆ ಮೋಟಾರ್ ಹಾಕಿದ್ದರು. ಸಂಪಿನ ಕೊಳೆ ನೀರು ಮೇಲಿನ ಟ್ಯಾಂಕಿಗೆ ಏರಿತ್ತು. ನಾವು ಮೇಲೆ ಹತ್ತಿ ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಮಕ್ಕಳು ಹುಷಾರಾದರು. ಆದರೆ ಆ ತಾಯಿಯ ಮುಖ ನನಗೆ ಇನ್ನೂ ನೆನಪಿದೆ. ಈಗ ಸಂಪಿನ ಕೆಲಸದಲ್ಲಿ ಮೊದಲ ಪ್ರಶ್ನೆಯೇ, ನೀರು ಬಂದ ಮೇಲೆ ಮೋಟಾರ್ ಹಾಕಿದ್ದಿರಾ ಅಂತ. ಹಾಕಿರಲಿ ಬಿಡಲಿ, ಕ್ಲೋರಿನ್ ನೀರನ್ನು ಮೇಲಿನ ಟ್ಯಾಂಕಿಗೂ ಏರಿಸುತ್ತೇವೆ. ಮೋಟಾರಿಗೆ ನೀರು ಹೋಗಿದ್ದರೆ ನಮ್ಮದೇ ಪಂಪಿನಿಂದ. ಪ್ರತಿ ನಲ್ಲಿ ಬಿಟ್ಟು, ಕ್ಲೋರಿನ್ ವಾಸನೆ ಬಂದ ಮೇಲೆ ನಿಲ್ಲಿಸುತ್ತೇವೆ. ಹಾಗೆ ರಾತ್ರಿ ಪೂರ್ತಿ ಬಿಡುತ್ತೇವೆ. ನಲ್ಲಿ ಕುಡಿಯುವಂತಿಲ್ಲ ಅಂತ ಅಡುಗೆಮನೆಯಲ್ಲಿ ದೊಡ್ಡದಾಗಿ ಬರೆದು ಅಂಟಿಸುತ್ತೇವೆ.

ಮಾರನೇ ದಿನ ಆ ನೀರನ್ನು ಹೊರಹಾಕಿ, ಹೊಸ ನೀರು ತುಂಬಿಸಬೇಕು. 5,000 ಲೀಟರಿಗೆ 35 ಗ್ರಾಂ ಪೌಡರಿನ ತಿಳಿ ಹಾಕಿ ಅರ್ಧ ಗಂಟೆ ಬಿಟ್ಟು ಪರೀಕ್ಷೆ. ಕ್ಲೋರೋಸ್ಕೋಪ್ ಅಂತ ಒಂದು ಸಣ್ಣ ಪೆಟ್ಟಿಗೆ ಇದೆ. ಗಾಜಿನ ನಳಿಗೆಯಲ್ಲಿ ನೀರು ತೆಗೆದುಕೊಂಡು ಕೆಲವು ಹನಿ ದ್ರಾವಣ ಹಾಕಿದರೆ ಹಳದಿ ಬಣ್ಣ ಬರುತ್ತದೆ. ಪಕ್ಕದ ಬಣ್ಣಕ್ಕೆ ಹೋಲಿಸಿ ಓದಬೇಕು. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇದ್ದರೆ ಸರಿ. ಬಣ್ಣವೇ ಬರಲಿಲ್ಲ ಅಂದರೆ ಹಾಕಿದ ಕ್ಲೋರಿನ್ನನ್ನೆಲ್ಲ ಒಳಗಿನ ಕೊಳೆ ತಿಂದುಹಾಕಿದೆ ಅಂತ ಅರ್ಥ. ಅಥವಾ ಪಕ್ಕದ ಒಳಚರಂಡಿಯಿಂದ ಬಿರುಕಿನಲ್ಲಿ ಇನ್ನೂ ಜಿನುಗುತ್ತಿದೆ. ಅಜ್ಜಿಯ ಮನೆಯಲ್ಲಿ ಮೊದಲ ದಿನ ಬಣ್ಣ ಬರಲಿಲ್ಲ. ಮತ್ತೆ ಖಾಲಿ ಮಾಡಿ ಉಜ್ಜಿದೆವು, ಎರಡನೇ ಸಲ ಬಂತು. ಬರುವವರೆಗೂ ಅವರಿಗೆ ಕ್ಯಾನ್ ನೀರು ಕೊಟ್ಟೆವು. ಕ್ಲೋರಿನ್ ರೋಗಾಣುವನ್ನು ಕೊಲ್ಲುತ್ತದೆ ಅಷ್ಟೇ. ನೀರಿಗೆ ಡೀಸೆಲ್ಲೋ ಪೆಟ್ರೋಲೋ ಸೇರಿದ್ದರೆ ಅದರಿಂದ ಏನೂ ಆಗುವುದಿಲ್ಲ. ಎಣ್ಣೆಯ ಪೊರೆ ಕಂಡರೆ, ವಾಸನೆ ಬಂದರೆ ಆ ಸಂಪಿನ ನೀರನ್ನು ಕುಡಿಯಲು ನಾವು ಒಪ್ಪಿಗೆ ಕೊಡುವುದಿಲ್ಲ.

ಹೀಗೆ ಒಂದು ಮನೆಗೆ ಕೆಸರಿನ ಒಂದು ಪಾಳಿ, ಸಂಪಿಗೆ ಅರ್ಧ ಪಾಳಿ, ಮಾರನೇ ದಿನ ಒಬ್ಬರು ಬಂದು ನೀರು ಬದಲಿಸಿ ಪರೀಕ್ಷೆ ಮಾಡಬೇಕು. ಒಂದು ತಂಡ ಮೂರು ಪಾಳಿಯಲ್ಲಿ ಎರಡು ಮನೆ ಮುಗಿಸುತ್ತದೆ. ಆರು ತಂಡಕ್ಕೆ ಹನ್ನೆರಡು ಮನೆ. ನಾನು ನೋಡಿದ ಆ ಅರವತ್ತು ಮನೆಯ ಬೀದಿಯಲ್ಲಿ ತಮ್ಮ ಕೈಯಲ್ಲಿ ಆಗದೆ ಉಳಿದವು ಸುಮಾರು ಅಷ್ಟೇ. 36ರ ಲೆಕ್ಕ ಬಂದದ್ದು ಅಲ್ಲಿಂದ. ಇಡೀ ಊರನ್ನು ನಾವು ತೊಳೆಯಲಾರೆವು. ಒಂದು ಸಲಕ್ಕೆ ಒಂದು ಬೀದಿ ಮಾಡಬಲ್ಲೆವು.

ನಿಮ್ಮ ಆರೋಗ್ಯದ ಮಾತು. ಈ ನೀರಿನಲ್ಲಿ ಇಲಿಯ ಮೂತ್ರ ಇರುತ್ತದೆ. ಕಾಲಿನ ಸಣ್ಣ ಗಾಯದಿಂದಲೂ ಇಲಿ ಜ್ವರ ಬರಬಹುದು. ಗಮ್‌ಬೂಟು, ದಪ್ಪ ಕೈಗವಸು ಗುಂಪಿನಿಂದ ಕೊಡುತ್ತೇವೆ, ಅವಿಲ್ಲದೆ ಕೆಲಸ ಇಲ್ಲ. ಕೈಕಾಲಲ್ಲಿ ತೆರೆದ ಗಾಯ ಇದ್ದ ದಿನ ಬರಬೇಡಿ. ಟೆಟನಸ್ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷ ಆಯಿತು ಅಂತ ನೆನಪಿಲ್ಲದವರು ತರಬೇತಿಗೆ ಮುಂಚೆ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಹದಿನೆಂಟು ತುಂಬದವರು ಕೆಸರಿನ ಕೆಲಸಕ್ಕೆ ಬೇಡ. ಪಾಳಿ ಮುಗಿದ ನಂತರದ ಒಂದು ತಿಂಗಳೊಳಗೆ ಜ್ವರ, ಮೈಕೈ ನೋವು ಬಂದರೆ ಕಾಯಬೇಡಿ. ನೆರೆ ನೀರಿನಲ್ಲಿ ಕೆಲಸ ಮಾಡಿದ್ದೆ ಅಂತ ವೈದ್ಯರಿಗೆ ಮೊದಲೇ ಹೇಳಿ. ಅದು ಗೊತ್ತಾದರೆ ಅವರು ಬೇಗ ಹಿಡಿಯುತ್ತಾರೆ.

ಸಲಿಕೆ ಎತ್ತಲು ಆಗದವರಿಗೂ ಕೆಲಸ ಇದೆ, ಅದಕ್ಕೆ ಬೇರೆ ಎಂಟು ಜನ ಬೇಕು. ಮೂವರು ಮನೆಯಿಂದ ಫೋನ್ ಮಾಡುವವರು, ಆ ಹತ್ತು ದಿನ ದಿನಕ್ಕೆ ಒಂದು ಗಂಟೆ. ದೂರು ಬರೆಸುವುದು, ನಾಳೆಯ ಪಾಳಿಯವರನ್ನು ಕೇಳುವುದು, ತೊಳೆದ ಮನೆಗೆ ಐದನೇ ದಿನ ಫೋನ್ ಮಾಡಿ ಯಾರಿಗಾದರೂ ಹುಷಾರಿಲ್ಲವಾ ಅಂತ ವಿಚಾರಿಸುವುದು. ಇಬ್ಬರು ಸಾಮಾನು ನೋಡಿಕೊಳ್ಳುವವರು, ಸಂಜೆ ಒಂದು ಗಂಟೆ, ಸಲಿಕೆ ಬೂಟು ತೊಳೆದು ಎಣಿಸಿ ಇಡಲು. ಒಬ್ಬರು ಗೂಡ್ಸ್ ಆಟೊ ಇರುವವರು. ಡೀಸೆಲ್ ನಮ್ಮದು. ಇನ್ನಿಬ್ಬರು ಭಾಷೆ ಬಲ್ಲವರು. ಕಟ್ಟಡ ಕೆಲಸದವರ ಶೆಡ್ಡುಗಳು ಇರುವುದು ತಗ್ಗಿನಲ್ಲೇ, ಅಲ್ಲಿ ಹಿಂದಿ, ಬಂಗಾಳಿ, ತೆಲುಗು ಬೇಕಾಗುತ್ತದೆ. ಎಲೆಕ್ಟ್ರಿಷಿಯನ್ ಅಣ್ಣಂದಿರು ಯಾರಾದರೂ ಇಲ್ಲಿದ್ದರೆ ಮಾತು ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿ. ಈಗ ಒಬ್ಬರೇ ಇದ್ದಾರೆ. ಅವರಿಲ್ಲದ ದಿನ ಆರು ತಂಡವೂ ಹೊರಗೆ ನಿಲ್ಲಬೇಕು.

ಮಾತಿನ ನಡುವೆ ಒಬ್ಬರು ಕೇಳಿದರು, ನಾನು ಐಟಿ ಕೆಲಸದಲ್ಲಿದ್ದೇನೆ, ವಾರದ ನಡುವೆ ರಜೆ ಸಿಗಲ್ಲ, ಶನಿವಾರ ಭಾನುವಾರ ಮಾತ್ರ ಬಂದರೆ ನಡೆಯುತ್ತಾ ಅಂತ. ನಡೆಯುತ್ತದೆ. ಆದರೆ ಎಲ್ಲರೂ ಹಾಗೇ ಬರೆದರೆ ಮಂಗಳವಾರ ನೀರು ಇಳಿದ ಬೀದಿಯಲ್ಲಿ ಕೆಸರು ಶನಿವಾರದವರೆಗೆ ಒಣಗುತ್ತದೆ. ಅದಕ್ಕೇ ವಾರದ ದಿನದ ಬೆಳಗಿನ ಪಾಳಿ ಏಳಕ್ಕೇ ಇಟ್ಟಿದ್ದೇವೆ. ಆಫೀಸಿನಲ್ಲಿ ಮಧ್ಯಾಹ್ನದ ಪಾಳಿ ಇರುವವರು, ನಿವೃತ್ತರು, ಕಾಲೇಜಿನವರು ವಾರದ ದಿನ ಕೊಟ್ಟರೆ ತುಂಬ ಉಪಕಾರ. ಇನ್ನೊಬ್ಬ ತಾಯಿ ಕೇಳಿದರು, ಒಪ್ಪಿಕೊಂಡು ಆ ದಿನ ಬರಲಾಗದಿದ್ದರೆ? ಹಿಂದಿನ ರಾತ್ರಿ ಎಂಟರೊಳಗೆ ಹೇಳಿಬಿಡಿ ಅಮ್ಮ. ಬೇರೆಯವರನ್ನು ಹುಡುಕಲು ಹೊತ್ತಿರುತ್ತದೆ. ಬೆಳಗ್ಗೆ ಆರೂವರೆಗೆ ಹೇಳಿದರೆ ಆ ತಂಡ ಐದೇ ಜನ. ಬಾಂಡ್ಲಿ ಸಾಗಿಸುವವರು ಒಬ್ಬರೇ ಆಗುತ್ತಾರೆ. ನಿಮ್ಮ ಮನೆಗೇ ನೀರು ಬಂದಿದ್ದರೆ ಹೇಳಲೇಬೇಕಾಗಿಲ್ಲ, ನಿಮ್ಮ ಹೆಸರು ಆ ಸಲ ಇನ್ನೊಂದು ಪಟ್ಟಿಗೆ ಹೋಗುತ್ತದೆ.

ಬಾಗಿಲ ಹತ್ತಿರ ಮೇಜಿನ ಮೇಲೆ ಪುಸ್ತಕ ಇದೆ. ಹೆಸರು, ಫೋನ್ ನಂಬರ್, ವಾರದ ಯಾವ ಎರಡು ದಿನ ಬರಬಲ್ಲಿರಿ, ಬೆಳಗ್ಗೆಯೋ ಮಧ್ಯಾಹ್ನವೋ ಬರೆಯಿರಿ. ಇವತ್ತೇ ಬರೆಯಬೇಕೆಂದೇನಿಲ್ಲ. ಮನೆಯಲ್ಲಿ ಕೇಳಿ, ಮುಂದಿನ ಭಾನುವಾರದವರೆಗೆ ಪುಸ್ತಕ ಇಲ್ಲೇ ಇರುತ್ತದೆ. ಕೊನೆಯ ಕಾಲಮ್ಮಿನಲ್ಲಿ ಬೂಟಿನ ಅಳತೆ ಬರೆಯುವುದನ್ನು ಮಾತ್ರ ಮರೆಯಬೇಡಿ. ಹೋದ ವರ್ಷ ಎಲ್ಲ ಎಂಟು, ಒಂಬತ್ತರ ಬೂಟು ತಂದಿದ್ದೆವು. ಬಂದವರಲ್ಲಿ ಅರ್ಧ ಜನ ಹೆಂಗಸರು, ಅವರಿಗೆ ಐದು, ಆರು ಬೇಕಿತ್ತು.